ಸ್ಲೈಡಿನ ನೆತ್ತಿಗೆ ಹೆಸರು ಬೇಡ, ವಾಕ್ಯ ಇರಲಿ

ಬೋಧನಾಭ್ಯಾಸಕ್ಕಾಗಿ ನಾವು ತಯಾರಿಸುವ ಪಿಪಿಟಿಗಳ ಶೀರ್ಷಿಕೆಗಳನ್ನಷ್ಟೇ ಒಂದು ಹಾಳೆಯಲ್ಲಿ ಕೆಳಗೆ ಕೆಳಗೆ ಬರೆದು ನೋಡಿ. ‘ಪೀಠಿಕೆ’, ‘ಅರ್ಥ’, ‘ವಿಧಗಳು’, ‘ಅನುಕೂಲಗಳು’, ‘ಮಹತ್ವ’, ‘ಉಪಸಂಹಾರ’. ಇದು ವಿದ್ಯುಚ್ಛಕ್ತಿಯ ಪಾಠವೋ, ಆಮ್ಲ ಪ್ರತ್ಯಾಮ್ಲಗಳ ಪಾಠವೋ, ಪಂಚಾಯತ್ ರಾಜ್ ಪಾಠವೋ ಹೇಳಲಾಗದು. ಪಾಠ ಏನನ್ನು ಸಾಧಿಸಿ ತೋರಿಸುತ್ತದೆ ಎಂಬುದಂತೂ ಎಲ್ಲಿಯೂ ಇಲ್ಲ. ಅದೆಲ್ಲ ಶೀರ್ಷಿಕೆಯ ಕೆಳಗೆ ಎಂಟು ಹತ್ತು ಚುಕ್ಕೆಗಳ ನಡುವೆ ಹುದುಗಿರುತ್ತದೆ. ಮಕ್ಕಳು ಆ ಚುಕ್ಕೆಗಳನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ, ಇಳಿಸಿಕೊಳ್ಳುವಷ್ಟು ಹೊತ್ತು ನಮ್ಮ ಮಾತು ಅವರ ಕಿವಿಗೆ ಬೀಳುವುದಿಲ್ಲ.

ನನ್ನ ವಾದ ಇಷ್ಟೇ. ಸ್ಲೈಡಿನ ಮೇಲ್ಭಾಗದಲ್ಲಿ ವಿಷಯದ ಹೆಸರಿನ ಬದಲು ಆ ಸ್ಲೈಡು ಹೇಳಬೇಕಾದ ಮಾತನ್ನೇ ಒಂದು ಪೂರ್ಣ ವಾಕ್ಯವಾಗಿ ಬರೆಯಬೇಕು. ಕೆಳಗೆ ಆ ವಾಕ್ಯಕ್ಕೆ ಆಧಾರವಾಗುವ ಚಿತ್ರ, ನಕ್ಷೆ ಅಥವಾ ಲೆಕ್ಕ ಮಾತ್ರ ಇರಬೇಕು. ಇದು ಹೊಸ ಮಾತಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬರವಣಿಗೆ ಮತ್ತು ಮಂಡನೆಯನ್ನು ಕಲಿಸುತ್ತ ಬಂದ ಅಮೆರಿಕದ ಅಧ್ಯಾಪಕ ಮೈಕೆಲ್ ಆಲಿ ವೈಜ್ಞಾನಿಕ ಮಂಡನೆಗಳ ಬಗ್ಗೆ 2003ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಕ್ರಮವನ್ನು ಪ್ರತಿಪಾದಿಸಿದರು. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಭೂವಿಜ್ಞಾನದ ದೊಡ್ಡ ತರಗತಿಗಳಲ್ಲಿ ಅವರೂ ಸಂಗಡಿಗರೂ ಎರಡು ಬಗೆಯ ಸ್ಲೈಡುಗಳನ್ನು ಹೋಲಿಸಿ ನೋಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾಕ್ಯ ಶೀರ್ಷಿಕೆಯ ಸ್ಲೈಡುಗಳಿಂದ ಕಲಿತವರು ಮುಖ್ಯಾಂಶಗಳನ್ನು ಹೆಚ್ಚು ನೆನಪಿಟ್ಟುಕೊಂಡಿದ್ದರು. ಆದರೆ ನಮ್ಮ ಪ್ರೌಢಶಾಲೆಯ ಕನ್ನಡ ಮಾಧ್ಯಮದ ತರಗತಿಯಲ್ಲಿ ಇದನ್ನು ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ನಾವೇ ಕಂಡುಕೊಳ್ಳಬೇಕು. ಅದಕ್ಕಾಗಿ ಒಂದೇ ಒಂದು ಸ್ಲೈಡನ್ನು ತೆಗೆದುಕೊಂಡು ಕೊನೆಯವರೆಗೂ ನೋಡೋಣ.

ಒಂದು ತುಂಬಿದ ಸ್ಲೈಡು

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ಮೈಸೂರು ಸೀಮೆಯ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಕೊಡುವ ಸ್ಥಳೀಯ ಉದಾಹರಣೆ ಶಿವನಸಮುದ್ರ. ಆ ಪಾಠದ ಸ್ಲೈಡು ಸಾಧಾರಣವಾಗಿ ಹೀಗಿರುತ್ತದೆ.

ಶೀರ್ಷಿಕೆ: ವಿದ್ಯುತ್ ಪ್ರಸರಣ

- ಶಿವನಸಮುದ್ರ ಜಲವಿದ್ಯುತ್ ಕೇಂದ್ರ, 1902
- ಕೋಲಾರದ ಚಿನ್ನದ ಗಣಿಗೆ ಪೂರೈಕೆ, ಸುಮಾರು 147 ಕಿ.ಮೀ.
- ಸಾಮರ್ಥ್ಯ P = VI
- ಜೌಲ್‌ನ ನಿಯಮ H = I²Rt
- ರೋಧ R = ρl/A
- ಅಧಿಕ ವೋಲ್ಟೇಜ್, ಕಡಿಮೆ ಪ್ರವಾಹ
- ಪರಿವರ್ತಕ: ಏರಿಕೆ, ಇಳಿಕೆ
- ಗೃಹಬಳಕೆ 220 V

ಇದರಲ್ಲಿ ತಪ್ಪು ಒಂದೂ ಇಲ್ಲ. ಎಂಟೂ ಸರಿ. ಆದರೆ ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂಬುದು ಸ್ಲೈಡಿನಲ್ಲಿಲ್ಲ, ಅದು ಶಿಕ್ಷಕಿಯ ತಲೆಯಲ್ಲಿದೆ. ಚುಕ್ಕೆ ಹಾಕಿ ಬರೆದಾಗ ಎಲ್ಲ ಸಾಲುಗಳೂ ಒಂದೇ ಪಂಕ್ತಿಯಲ್ಲಿ ಕೂತಂತೆ ಕಾಣುತ್ತವೆ. 1902 ಎಂಬ ಇಸವಿಯೂ ಜೌಲ್‌ನ ನಿಯಮವೂ ಸಮಾನವಾಗಿ ಬಿಡುತ್ತವೆ. ಯಾವುದು ಕಾರಣ, ಯಾವುದು ಪರಿಣಾಮ, ಯಾವುದು ಬರೀ ಮಾಹಿತಿ ಎಂಬುದು ಮಗುವಿಗೆ ಗೊತ್ತಾಗುವುದಿಲ್ಲ.

ಬಿಡಿಸುವ ಕ್ರಮ

ಮೊದಲ ಕೆಲಸ, ಸ್ಲೈಡನ್ನು ಮುಚ್ಚಿಟ್ಟು ಪಕ್ಕದವರಿಗೆ ಬಾಯಲ್ಲಿ ಹೇಳುವುದು. ‘ಇದರಲ್ಲಿ ಏನು ಹೇಳ್ತಾ ಇದ್ದೀಯ?’ ಎಂದು ಅವರು ಕೇಳಿದರೆ ಯಾರೂ ‘ವಿದ್ಯುತ್ ಪ್ರಸರಣ’ ಎಂದು ಉತ್ತರಿಸುವುದಿಲ್ಲ. ‘ದೂರಕ್ಕೆ ಕರೆಂಟ್ ಕಳಿಸಬೇಕಾದರೆ ವೋಲ್ಟೇಜ್ ಜಾಸ್ತಿ ಮಾಡಿ ಕಳಿಸ್ತಾರೆ, ಇಲ್ಲದಿದ್ದರೆ ದಾರಿಯಲ್ಲೇ ಬಿಸಿಯಾಗಿ ಹೋಗಿಬಿಡುತ್ತೆ’ ಎನ್ನುತ್ತಾರೆ. ಆಡುಮಾತಿನ ಆ ವಾಕ್ಯವೇ ಇಡೀ ಸ್ಲೈಡಿನ ಸಾರ. ಅದನ್ನು ಆಡಿದ ಹಾಗೆಯೇ ಬರೆದಿಟ್ಟುಕೊಳ್ಳಬೇಕು. ತಿದ್ದಿ ಗ್ರಾಂಥಿಕ ಮಾಡುವುದು ಆಮೇಲಿನ ಮಾತು.

ಎರಡನೆಯದು, ಎಂಟು ಚುಕ್ಕೆಗಳನ್ನು ಮೂರು ಗುಂಪು ಮಾಡುವುದು. ಸಾಧಿಸಬೇಕಾದ ಮಾತುಗಳು ಒಂದು ಗುಂಪು, ಅವಕ್ಕೆ ಆಧಾರಗಳು ಇನ್ನೊಂದು, ಬಾಯಲ್ಲಿ ಹೇಳಿದರೆ ಸಾಕಾಗುವ ಸಂಗತಿಗಳು ಮತ್ತೊಂದು. ಇಲ್ಲಿ ‘ಅಧಿಕ ವೋಲ್ಟೇಜ್, ಕಡಿಮೆ ಪ್ರವಾಹ’ ಎಂಬುದು ಸಾಧಿಸಬೇಕಾದ ಮಾತು, ಆದರೆ ಅರ್ಧ ಮಾತು. P = VI, H = I²Rt ಎರಡೂ ಆಧಾರಗಳು. 220 V ಎಂಬುದು ಬಾಯಲ್ಲಿ ಹೇಳಿದರೆ ಸಾಕು. ಮೂರನೇ ಗುಂಪಿನದು ಪಾಠಯೋಜನೆಯ ಶಿಕ್ಷಕರ ಚಟುವಟಿಕೆಯ ಅಂಕಣಕ್ಕೆ ಹೋಗಲಿ. ಅದು ಬಿಸಾಡಿದಂತಲ್ಲ, ಪರದೆಯಿಂದ ಬಾಯಿಗೆ ಬಂದಂತೆ.

ಮೂರನೆಯದು, ಮೊದಲ ಗುಂಪಿನ ಒಂದೊಂದು ಮಾತಿಗೂ ಒಂದೊಂದು ಸ್ಲೈಡು ಕೊಟ್ಟು ಅದನ್ನು ವಾಕ್ಯವಾಗಿ ಬರೆಯುವುದು. ಒಂದು ಸ್ಲೈಡು ಐದಾರಾಗುತ್ತದೆ. ‘ಸ್ಲೈಡು ಜಾಸ್ತಿಯಾಯಿತು’ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಎಂಟು ಚುಕ್ಕೆಯ ಒಂದು ಸ್ಲೈಡನ್ನು ಹತ್ತು ನಿಮಿಷ ನಿಲ್ಲಿಸುವುದಕ್ಕೂ ಆರು ಸ್ಲೈಡುಗಳನ್ನು ಅದೇ ಹತ್ತು ನಿಮಿಷದಲ್ಲಿ ತೋರಿಸುವುದಕ್ಕೂ ಅವಧಿಯಲ್ಲಿ ವ್ಯತ್ಯಾಸವಿಲ್ಲ.

ನನ್ನ ಮೊದಲ ಕರಡಿನಲ್ಲಿ ಬಂದ ಶೀರ್ಷಿಕೆಗಳು ಇವು.

1. ಶಿವನಸಮುದ್ರದ ವಿದ್ಯುತ್ತು 147 ಕಿ.ಮೀ. ದೂರದ ಕೋಲಾರದ ಗಣಿ ತಲುಪಬೇಕಿತ್ತು.
2. ತಂತಿ ಉದ್ದವಾದಷ್ಟೂ ಅದರ ರೋಧ ಹೆಚ್ಚುತ್ತದೆ, ಶಕ್ತಿ ದಾರಿಯಲ್ಲೇ ಉಷ್ಣವಾಗುತ್ತದೆ.
3. ಆದರೆ ಪ್ರವಾಹ ಅರ್ಧವಾದರೆ ಈ ಉಷ್ಣ ಕಾಲುಭಾಗಕ್ಕೆ ಇಳಿಯುತ್ತದೆ.
4. ವೋಲ್ಟೇಜ್ ಏರಿಸಿದರೆ ಅಷ್ಟೇ ಸಾಮರ್ಥ್ಯವನ್ನು ಕಡಿಮೆ ಪ್ರವಾಹದಲ್ಲಿ ಕಳಿಸಬಹುದು.
5. ಆದ್ದರಿಂದ ವೋಲ್ಟೇಜ್ ಹತ್ತು ಪಟ್ಟಾದರೆ ನಷ್ಟ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ.
6. ಬಳಸುವ ಸ್ಥಳದಲ್ಲಿ ಪರಿವರ್ತಕ ಆ ವೋಲ್ಟೇಜನ್ನು ಮತ್ತೆ ಇಳಿಸುತ್ತದೆ.

ಇವನ್ನು ಮಾತ್ರ ಒಂದರ ಹಿಂದೆ ಒಂದು ಓದಿದರೆ ಪಾಠದ ಸಾರಾಂಶ ಸಿಗುತ್ತದೆ. ಪವರ್‌ಪಾಯಿಂಟಿನಲ್ಲಿ Outline View ತೆರೆದರೆ ಶೀರ್ಷಿಕೆಯ ಚೌಕದಲ್ಲಿ ಟೈಪ್ ಮಾಡಿದ ವಾಕ್ಯಗಳು ಒಂದೇ ಕಡೆ ಕಾಣಿಸುತ್ತವೆ. ಶೀರ್ಷಿಕೆಯನ್ನು ಬೇರೆ ಟೆಕ್ಸ್ಟ್ ಬಾಕ್ಸಿನಲ್ಲಿ ಬರೆದಿದ್ದರೆ ಅಲ್ಲಿ ಬರುವುದಿಲ್ಲ. ಓದುವಾಗ ಎರಡು ವಾಕ್ಯಗಳ ನಡುವೆ ‘ಆದರೆ’, ‘ಆದ್ದರಿಂದ’, ‘ಏಕೆಂದರೆ’ಗಳಲ್ಲಿ ಯಾವುದಾದರೂ ಒಂದು ಸಲೀಸಾಗಿ ಕೂರಬೇಕು. ‘ಮತ್ತು’, ‘ಹಾಗೆಯೇ’ ಮಾತ್ರ ಕೂರುತ್ತದೆ ಎಂದಾದರೆ ಅಲ್ಲಿ ವಾದ ನಿಂತಿದೆ, ಪಟ್ಟಿ ಶುರುವಾಗಿದೆ ಎಂದು ತಿಳಿಯಬೇಕು.

ವಾಕ್ಯ ಬರೆದಾಗ ಹೊರಬಿದ್ದ ತೊಡಕು

ಈ ಆರು ವಾಕ್ಯಗಳನ್ನು ನನ್ನ ಸಹಪಾಠಿಗೆ ಓದಿ ಹೇಳಿದಾಗ ನಾಲ್ಕನೆಯದಕ್ಕೆ ಅವಳು ತಡೆದಳು. ‘ಅಲ್ಲ ಕಣೇ, ಓಮ್‌ನ ನಿಯಮದಲ್ಲಿ ವೋಲ್ಟೇಜ್ ಜಾಸ್ತಿ ಆದರೆ ಕರೆಂಟೂ ಜಾಸ್ತಿ ಅಂತ ಹೋದ ವಾರ ತಾನೇ ಹೇಳಿಕೊಟ್ಟಿದ್ದೀಯ? ಈಗ ಕಡಿಮೆ ಆಗುತ್ತೆ ಅಂದರೆ ಮಕ್ಕಳು ಸುಮ್ಮನೆ ಬಿಡ್ತಾರಾ?’

ನನ್ನ ಮಟ್ಟಿಗೆ ವಾಕ್ಯ ಶೀರ್ಷಿಕೆಯ ದೊಡ್ಡ ಉಪಯೋಗ ಇದೇ. ‘ಅಧಿಕ ವೋಲ್ಟೇಜ್, ಕಡಿಮೆ ಪ್ರವಾಹ’ ಎಂಬ ತುಂಡು ಸಾಲಿಗೆ ಯಾರೂ ಎದುರು ಪ್ರಶ್ನೆ ಹಾಕುವುದಿಲ್ಲ, ಏಕೆಂದರೆ ಅದು ಏನನ್ನೂ ಪೂರ್ತಿ ಹೇಳುವುದಿಲ್ಲ. ಅದೇ ಮಾತು ವಾಕ್ಯವಾದ ಕೂಡಲೇ ಹಿಂದಿನ ಪಾಠದ ಜೊತೆ ತಾಕಲಾಡಿತು. ಹತ್ತನೇ ತರಗತಿಯ ಮಗುವಿಗೆ ಬರಬಹುದಾದ ಬಹು ಸಹಜವಾದ ಗೊಂದಲ ಪಾಠಕ್ಕೆ ಮೊದಲೇ ನಮ್ಮ ಮುಂದೆ ಬಂದು ನಿಂತಿತು.

ಉತ್ತರಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಹತ್ತು ಕಿಲೋವ್ಯಾಟ್ ಸಾಮರ್ಥ್ಯವನ್ನು ಒಟ್ಟು 2 ಓಮ್ ರೋಧವಿರುವ ತಂತಿಯಲ್ಲಿ ಕಳಿಸಬೇಕು ಎಂದುಕೊಳ್ಳೋಣ. ಕಳಿಸುವ ತುದಿಯಲ್ಲಿ 250 ವೋಲ್ಟ್ ಇದ್ದರೆ ಪ್ರವಾಹ 10,000 ಭಾಗಿಸು 250, ಅಂದರೆ 40 ಆಂಪಿಯರ್. ತಂತಿಯಲ್ಲಿ ನಷ್ಟ I²R, ಅಂದರೆ 40 × 40 × 2 = 3,200 ವ್ಯಾಟ್. ಕಳಿಸಿದ್ದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ತಂತಿಯನ್ನು ಬಿಸಿ ಮಾಡಲಿಕ್ಕೇ ಹೋಯಿತು. ಈಗ ಅದೇ ಹತ್ತು ಕಿಲೋವ್ಯಾಟನ್ನು 2,500 ವೋಲ್ಟಿನಲ್ಲಿ ಕಳಿಸಿದರೆ ಪ್ರವಾಹ 4 ಆಂಪಿಯರ್, ನಷ್ಟ 4 × 4 × 2 = 32 ವ್ಯಾಟ್ ಮಾತ್ರ.

ಓಮ್‌ನ ನಿಯಮ ಎಲ್ಲಿ ಹೋಯಿತು? ಎಲ್ಲಿಯೂ ಹೋಗಿಲ್ಲ. ಆ ನಿಯಮವನ್ನು ತಂತಿಗೆ ಅನ್ವಯಿಸುವಾಗ ತಂತಿಯ ಎರಡು ತುದಿಗಳ ನಡುವಿನ ವಿಭವಾಂತರವನ್ನು ತೆಗೆದುಕೊಳ್ಳಬೇಕು. ಮೊದಲ ಸಂದರ್ಭದಲ್ಲಿ ಅದು 40 × 2 = 80 ವೋಲ್ಟ್, ಎರಡನೆಯದರಲ್ಲಿ 4 × 2 = 8 ವೋಲ್ಟ್. ತಂತಿಯ ಪಾಲಿಗೆ ವಿಭವಾಂತರ ಹತ್ತನೇ ಒಂದಾಯಿತು, ಪ್ರವಾಹವೂ ಹತ್ತನೇ ಒಂದಾಯಿತು. ನಿಯಮ ಹಾಗೇ ಉಳಿಯಿತು. ಕೇಂದ್ರದ 2,500 ವೋಲ್ಟಿನಲ್ಲಿ ಉಳಿದದ್ದೆಲ್ಲ ಆ ತುದಿಯಲ್ಲಿ ಬಳಸುವವರಿಗೆ ಸಿಕ್ಕಿತು. ಎಷ್ಟು ಪ್ರವಾಹ ಹರಿಯಬೇಕೆಂಬುದನ್ನು ತಂತಿಯೊಂದೇ ನಿರ್ಧರಿಸುವುದಿಲ್ಲ, ಕೊನೆಯಲ್ಲಿ ಜೋಡಿಸಿದ ಯಂತ್ರಗಳೂ ಸೇರಿ ಇಡೀ ಮಂಡಲ ನಿರ್ಧರಿಸುತ್ತದೆ.

ಹಾಗಾಗಿ ನಾಲ್ಕಕ್ಕೂ ಐದಕ್ಕೂ ನಡುವೆ ಒಂದು ಹೊಸ ಸ್ಲೈಡು ಬೇಕಾಯಿತು. ಅದರ ಶೀರ್ಷಿಕೆ: ‘ತಂತಿಗೆ ಓಮ್‌ನ ನಿಯಮ ಹಚ್ಚುವಾಗ ತಂತಿಯ ತುದಿಗಳ ನಡುವಿನ ವೋಲ್ಟೇಜನ್ನೇ ನೋಡಬೇಕು.’ ಕೆಳಗೆ ಒಂದು ಕೇಂದ್ರ, ಒಂದು ತಂತಿ, ಒಂದು ಗಣಿ, ಎರಡು ಸಂದರ್ಭಗಳ 80 ಮತ್ತು 8 ಎಂಬ ಅಂಕಿಗಳು. ಬೇರೇನೂ ಬೇಡ. ಹಳೆಯ ಸ್ಲೈಡಿನಲ್ಲಿ ಈ ಕೊಂಡಿ ಇಲ್ಲವೆಂಬುದು ಕಾಣುತ್ತಲೇ ಇರಲಿಲ್ಲ.

ಕನ್ನಡದಲ್ಲಿ ಬರೆಯುವಾಗ

ಇಂಗ್ಲಿಷಿನಲ್ಲಿ ಈ ಕ್ರಮವನ್ನು ಕಲಿಸುವವರು ‘ಶೀರ್ಷಿಕೆಯಲ್ಲಿ ಕ್ರಿಯಾಪದ ಇದೆಯೇ ನೋಡಿ’ ಎನ್ನುತ್ತಾರೆ. ಆ ಪರೀಕ್ಷೆ ಕನ್ನಡಕ್ಕೆ ಹೊಂದುವುದಿಲ್ಲ. ‘ತಾಮ್ರ ಒಳ್ಳೆಯ ವಾಹಕ’ ಎಂಬುದರಲ್ಲಿ ಕ್ರಿಯಾಪದವಿಲ್ಲ, ಆದರೂ ಅದು ಪೂರ್ಣ ವಾಕ್ಯ. ‘ವೋಲ್ಟೇಜ್ ಏರಿಸುವುದರಿಂದ ಆಗುವ ಅನುಕೂಲಗಳು’ ಎಂಬುದರಲ್ಲಿ ಏರಿಸು, ಆಗು ಎಂಬ ಎರಡು ಧಾತುಗಳಿವೆ, ಆದರೂ ಅದು ವಾಕ್ಯವಲ್ಲ. ನಮಗೆ ಹೊಂದುವ ಪರೀಕ್ಷೆ ಬೇರೆ. ಶೀರ್ಷಿಕೆಯನ್ನು ಓದಿ ‘ಹೌದಾ? ಯಾಕೆ?’ ಎಂದು ಕೇಳಿ ನೋಡಬೇಕು. ‘ತಾಮ್ರ ಒಳ್ಳೆಯ ವಾಹಕ.’ ಹೌದಾ? ಯಾಕೆ? ಪ್ರಶ್ನೆ ಕೂರುತ್ತದೆ. ‘ವೋಲ್ಟೇಜ್ ಏರಿಸುವುದರಿಂದ ಆಗುವ ಅನುಕೂಲಗಳು.’ ಹೌದಾ? ಪ್ರಶ್ನೆಗೆ ಅರ್ಥವೇ ಇಲ್ಲ. ‘ಅನುಕೂಲಗಳು’, ‘ಪಾತ್ರ’, ‘ಮಹತ್ವ’, ‘ಕುರಿತು’, ‘ಪರಿಚಯ’ ಎಂಬ ಪದಗಳಿಂದ ಮುಗಿಯುವ ಶೀರ್ಷಿಕೆಗಳು ಬಹುತೇಕ ಈ ಪರೀಕ್ಷೆಯಲ್ಲಿ ಸೋಲುತ್ತವೆ.

ಇನ್ನೊಂದು ಸಂಗತಿ, ನಮ್ಮ ವಾಕ್ಯದಲ್ಲಿ ಮುಖ್ಯ ಮಾತು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ‘ಇಳಿಯುತ್ತದೆ’ ಎಂದೋ ‘ಏರುತ್ತದೆ’ ಎಂದೋ ತಿಳಿಯಲು ಕೊನೆಯ ಪದದವರೆಗೆ ಕಾಯಬೇಕು. ಆದ್ದರಿಂದ ವಾಕ್ಯ ಉದ್ದವಾದರೆ ಹಿಂದಿನ ಬೆಂಚಿನ ಮಗು ಅರ್ಧದಲ್ಲೇ ಬಿಟ್ಟುಬಿಡುತ್ತದೆ. ಹನ್ನೆರಡು ಪದ ದಾಟದಂತೆ, ಎರಡು ಸಾಲಿನಲ್ಲಿ ಮುಗಿಯುವಂತೆ ನೋಡಿಕೊಳ್ಳುವುದು ಒಳ್ಳೆಯದು. ಮೂರನೇ ಸಾಲಿಗೆ ಹೋಯಿತೆಂದರೆ ಒಂದೋ ವಾಕ್ಯದಲ್ಲಿ ಎರಡು ಮಾತುಗಳಿವೆ, ಇಲ್ಲವೇ ‘ಮಾಡಲ್ಪಡುತ್ತದೆ’, ‘ಉಂಟಾಗುವಿಕೆಯು’ ಮುಂತಾದ ಭಾರದ ರೂಪಗಳು ಸೇರಿಕೊಂಡಿವೆ. ಅಕ್ಷರದ ಗಾತ್ರವನ್ನು ಕುಗ್ಗಿಸಿ ತೂರಿಸಬಾರದು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲುಗಳ ನಡುವೆ ಜಾಗ ಸ್ವಲ್ಪ ಹೆಚ್ಚೇ ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಎಲ್ಲಿ ಎಚ್ಚರ ಬೇಕು

ವಾಕ್ಯ ಬರೆದ ಮಾತ್ರಕ್ಕೆ ಸ್ಲೈಡು ಸತ್ಯ ಹೇಳುತ್ತದೆ ಎಂದೇನಿಲ್ಲ. ಇದಕ್ಕೆ ದೊಡ್ಡ ನಿದರ್ಶನ 2003ರ ಕೊಲಂಬಿಯಾ ಬಾಹ್ಯಾಕಾಶ ನೌಕೆ. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ನಾವು ಕಳೆದುಕೊಂಡದ್ದು ಆ ನೌಕೆಯಲ್ಲಿ. ಉಡಾವಣೆಯ ವೇಳೆ ಇಂಧನ ಟ್ಯಾಂಕಿನ ನೊರೆಯ ತುಂಡೊಂದು ಕಳಚಿ ನೌಕೆಯ ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ ಅಪಾಯ ಎಷ್ಟೆಂದು ಲೆಕ್ಕಹಾಕಿ ಎಂಜಿನಿಯರುಗಳು ಮಂಡಿಸಿದ ಒಂದು ಸ್ಲೈಡನ್ನು ಎಡ್ವರ್ಡ್ ಟಫ್ಟಿ ವಿಶ್ಲೇಷಿಸಿದ್ದಾರೆ, ತನಿಖಾ ಮಂಡಳಿಯ ವರದಿಯಲ್ಲಿಯೂ ಅದು ಸೇರಿದೆ. ಆ ಸ್ಲೈಡಿನ ಶೀರ್ಷಿಕೆ ಬರೀ ಹೆಸರಾಗಿರಲಿಲ್ಲ. ಪರೀಕ್ಷೆಗಳ ದತ್ತಾಂಶ ನೋಡಿದರೆ ಲೆಕ್ಕ ಸುರಕ್ಷಿತ ಬದಿಗೇ ಇದೆ ಎಂಬರ್ಥದ, ಕ್ರಿಯಾಪದವಿರುವ ಸಮಾಧಾನದ ಮಾತಾಗಿತ್ತು. ಆದರೆ ಪರೀಕ್ಷೆ ನಡೆದದ್ದು 3 ಘನ ಅಂಗುಲದ ತುಂಡಿನ ಮೇಲೆ, ಕಳಚಿದ್ದೆಂದು ಅಂದಾಜಿಸಿದ ತುಂಡು 1,920 ಘನ ಅಂಗುಲ, ಅಂದರೆ 640 ಪಟ್ಟು. ಆ ವ್ಯತ್ಯಾಸ ಸ್ಲೈಡಿನ ಕಟ್ಟಕಡೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ಇತ್ತು.

ಆ ಸ್ಲೈಡಿನಿಂದ ನಮಗೆ ಸಿಗುವ ನಿಯಮ ಸರಳ. ಶೀರ್ಷಿಕೆ ಬರೆದಾದ ಮೇಲೆ ಕೆಳಗಿನ ಆಧಾರವನ್ನು ಮಾತ್ರ ನೋಡಿ, ಅದರಿಂದ ಇದೇ ವಾಕ್ಯ ಹೊರಡುತ್ತದೆಯೇ ಎಂದು ಕೇಳಿಕೊಳ್ಳಬೇಕು. ನನ್ನ ಐದನೇ ಶೀರ್ಷಿಕೆಯನ್ನೂ ಹೀಗೆ ನೋಡಬೇಕಾಯಿತು. ‘ವೋಲ್ಟೇಜ್ ಹತ್ತು ಪಟ್ಟಾದರೆ ನಷ್ಟ ನೂರನೇ ಒಂದು ಭಾಗ’ ಎಂಬುದು ಅದೇ ತಂತಿಯಲ್ಲಿ ಅಷ್ಟೇ ಸಾಮರ್ಥ್ಯ ಕಳಿಸಿದಾಗ ಮಾತ್ರ ನಿಜ. ‘ಅದೇ ತಂತಿಯಲ್ಲಿ ಅಷ್ಟೇ ಸಾಮರ್ಥ್ಯಕ್ಕೆ’ ಎಂಬ ಪದಗಳು ಶೀರ್ಷಿಕೆಗೇ ಸೇರಬೇಕು, ಕೆಳಗೆ ಅಡಿಟಿಪ್ಪಣಿಯಾಗಬಾರದು.

ಎರಡನೇ ಎಚ್ಚರಿಕೆ ನಮ್ಮ ಅಧ್ಯಾಪಕರಿಂದಲೇ ಬರುವ ಆಕ್ಷೇಪಣೆ. ತೀರ್ಮಾನವನ್ನು ಮೊದಲೇ ಪರದೆಯ ಮೇಲೆ ಹಾಕಿಬಿಟ್ಟರೆ ಮಗು ತಾನೇ ಕಂಡುಕೊಳ್ಳುವುದಕ್ಕೆ ಏನು ಉಳಿಯಿತು? ಈ ಮಾತಿನಲ್ಲಿ ಹುರುಳಿದೆ. ಸಹಪಾಠಿಗಳ ಮುಂದಿನ ಸೆಮಿನಾರಿಗೂ ಮಕ್ಕಳ ಮುಂದಿನ ಪಾಠಕ್ಕೂ ಇಲ್ಲಿ ವ್ಯತ್ಯಾಸ ಮಾಡಲೇಬೇಕು. ಸೆಮಿನಾರಿನಲ್ಲಿ ಉತ್ತರ ಮೊದಲು ಬರಲಿ. ಪಾಠದಲ್ಲಾದರೆ ಶೀರ್ಷಿಕೆಯ ಜಾಗದಲ್ಲಿ ಮೊದಲು ಪ್ರಶ್ನೆ ಬರಲಿ: ‘ಪ್ರವಾಹ ಅರ್ಧವಾದರೆ ತಂತಿಯ ಉಷ್ಣ ಎಷ್ಟಾಗುತ್ತದೆ?’ ಮಕ್ಕಳು ಲೆಕ್ಕ ಮಾಡಿ ‘ಕಾಲು ಭಾಗ’ ಎಂದ ಮೇಲೆ ಅದೇ ಜಾಗದಲ್ಲಿ ವಾಕ್ಯ ಮೂಡಲಿ. ಆಗ ಅದು ಅವರೇ ಹೇಳಿದ ಮಾತಿನ ದಾಖಲೆಯಾಗುತ್ತದೆ, ನೋಟ್ ಪುಸ್ತಕಕ್ಕೆ ಇಳಿಯುವ ಒಂದೇ ಸಾಲೂ ಅದೇ ಆಗುತ್ತದೆ. ‘ತಂತಿಯ ಉಷ್ಣ’ ಎಂಬ ಹೆಸರಿನ ಶೀರ್ಷಿಕೆಯಾದರೋ ಪ್ರಶ್ನೆಯನ್ನೂ ಎತ್ತುವುದಿಲ್ಲ, ಉತ್ತರವನ್ನೂ ಕೊಡುವುದಿಲ್ಲ.

ಎಲ್ಲ ಸ್ಲೈಡಿಗೂ ಇದು ಬೇಕಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಹೃದಯದ ಚಿತ್ರಕ್ಕೆ ಭಾಗಗಳ ಹೆಸರು ಬರೆಸುವ ಸ್ಲೈಡು, ಮನೆಗೆಲಸದ ಲೆಕ್ಕಗಳ ಸ್ಲೈಡು ಯಾವ ವಾದವನ್ನೂ ಹೂಡುವುದಿಲ್ಲ. ಅಲ್ಲಿ ಬಲವಂತದ ವಾಕ್ಯ ಹಾಕಿದರೆ ‘ಹೃದಯಕ್ಕೆ ಹಲವು ಭಾಗಗಳಿವೆ’ ಎಂಬಂಥ ಟೊಳ್ಳು ಮಾತು ಹುಟ್ಟುತ್ತದೆ. ಅದಕ್ಕಿಂತ ‘ಹೃದಯದ ಭಾಗಗಳು’ ಎಂಬ ಹೆಸರೇ ವಾಸಿ.

ಕಡೆಯದಾಗಿ ಮಾರ್ಗದರ್ಶಕ ಉಪನ್ಯಾಸಕರಲ್ಲಿ ಒಂದು ಕೋರಿಕೆ. ಪಾಠ ವೀಕ್ಷಣೆಯ ವೇಳೆ ನೀವು ಪಿಪಿಟಿಯನ್ನು ನೋಡುವುದು ತರಗತಿಯ ಹಿಂದಿನ ಬೆಂಚಿನಿಂದ. ಅಷ್ಟು ಹೊತ್ತಿಗೆ ತಿದ್ದುವ ಕಾಲ ಮೀರಿರುತ್ತದೆ. ಪಾಠಯೋಜನೆಗೆ ಸಹಿ ಹಾಕಿಸಿಕೊಳ್ಳಲು ನಾವು ಬಂದಾಗ ಸ್ಲೈಡುಗಳ ಶೀರ್ಷಿಕೆಗಳನ್ನಷ್ಟೇ ಬರೆದ ಅರ್ಧ ಪುಟವನ್ನು ಜೊತೆಗಿಡುವಂತೆ ಹೇಳಿ. ಅದನ್ನು ಓದಲು ಒಂದು ನಿಮಿಷ ಸಾಕು. ಪಾಠದ ಸರಪಳಿಯಲ್ಲಿ ಎಲ್ಲಿ ಕೊಂಡಿ ತಪ್ಪಿದೆ ಎಂಬುದು ಆ ಅರ್ಧ ಪುಟದಲ್ಲೇ ಸಿಕ್ಕಿಬೀಳುತ್ತದೆ, ಮಕ್ಕಳ ಮುಂದೆ ಹೋಗುವ ಮೊದಲೇ.